‘ಎರಡು ಮಾತು ಬರದು ಕೊಡ್ರಿ’

“ನಮ್ಮ ಗಣಿತದ ಸರ್ ತೀರ್ಕೊಂಡ್ರು. ನಾಡಿದ್ದು ಸಾಲ್ಯಾಗ ಶ್ರದ್ಧಾಂಜಲಿ ಸಭಾ ಐತಿ. ಎರಡು ಮಾತು ಬರದು ಕೊಡ್ರಿ, ಚಲೋ ಚಲೋ ಪದಾ ಹಾಕಿ.”

ಬರೆದು ಕೊಡುವುದಿಲ್ಲ. ನಿಮ್ಮ ಸರ್ ಅವರನ್ನು ನಾನು ಕಂಡಿಲ್ಲ. ನಾನು ಬರೆದರೆ ‘ತುಂಬಲಾರದ ನಷ್ಟ’, ‘ಶಿಸ್ತಿನ ಸಿಪಾಯಿ’ ಎಂದೇ ಬರೆಯಬೇಕಾಗುತ್ತದೆ. ಆ ಮಾತು ಯಾವ ಮಾಸ್ತರರಿಗಾದರೂ ಒಪ್ಪುತ್ತದೆ. ನಿಮ್ಮ ಸರದಿ ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತ ಅವರ ಮನೆಯವರು ಅದನ್ನು ನಾಲ್ಕು ಸಲ ಕೇಳಿರುತ್ತಾರೆ.

ಇಂಥದೇ ಸಭೆಗೆಂದು ಗದಗ ಕಡೆಯ ಒಬ್ಬರು ಬರೆದು ತಂದ ಹಾಳೆಯಲ್ಲಿ ‘ಸರ್ ಗಣಿತವನ್ನು ಸುಲಭವಾಗಿ ಕಲಿಸುತ್ತಿದ್ದರು’ ಎಂದಿತ್ತು. ಹೇಗೆ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 33 ಅಡಿ ಹಗ್ಗ ಕೊಟ್ಟು ಶಾಲೆಯ ಬಯಲಿನಲ್ಲಿ ಸುಣ್ಣದಿಂದ ಅಷ್ಟೇ ಉದ್ದದ ಬದಿಗಳ ಚೌಕ ಹಾಕಿಸಿ, ನಾಲ್ಕೂ ಮೂಲೆಗೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ, “ಇದು ಒಂದು ಗುಂಟೆ. ಇಂಥಾವು ನಲವತ್ತು ಕೂಡಿದ್ರ ನಿಮ್ಮಪ್ಪನ ಒಂದು ಎಕರೆ” ಅಂದಿದ್ದರಂತೆ. ಹಾಳೆಯ ಮೇಲೆ ಬರಬೇಕಾದದ್ದು ಇದೇ. ‘ಸುಲಭವಾಗಿ’ ಎಂಬ ಪದವನ್ನು ಹೊಡೆದು ಹಾಕಿದೆವು.

ಇಂಥ ಒಂದು ಪ್ರಸಂಗ ಸಾಕು, ಎರಡಾದರೆ ಹೆಚ್ಚು. ಮೈಕಿನ ಮುಂದೆ ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 80–90 ಪದ ಹೋಗುತ್ತವೆ. ಮೂರು ನಿಮಿಷಕ್ಕೆ 250 ಪದ. ವೇದಿಕೆಯ ಮೇಲಿನವರ ಹೆಸರನ್ನೆಲ್ಲ ಹಿಡಿಯುತ್ತ ಹೋದರೆ ಒಂದು ನಿಮಿಷ ಅಲ್ಲೇ ಕಳೆಯುತ್ತದೆ. ‘ಸರ್ ಅವರ ಮನೆಯವರೇ, ನನ್ನ ಜೊತೆ ಕಲಿತವರೇ’ ಎಂದು ಶುರು ಮಾಡಿ. ಸೇವೆಗೆ ಸೇರಿದ ವರ್ಷ, ನಿವೃತ್ತಿಯ ವರ್ಷ ಮನೆಯವರನ್ನೇ ಕೇಳಿ ಬರೆದುಕೊಳ್ಳಿ. ಅಲ್ಲಿ ತಪ್ಪಿದರೆ ಸಭೆಯಲ್ಲಿ ಪಿಸುಮಾತು ಶುರುವಾಗಿ ಮುಂದಿನದು ಯಾರಿಗೂ ಕೇಳಿಸುವುದಿಲ್ಲ. ಹುಡುಗರು ಇಟ್ಟಿದ್ದ ಅಡ್ಡಹೆಸರು, ಬೆತ್ತದ ಏಟಿನ ಸುದ್ದಿ ಬೇಡವೇ ಬೇಡ. ಅವರ ಮೊಮ್ಮಕ್ಕಳೂ ಕೂತಿರುತ್ತಾರೆ.

‘ಓದುವಾಗ ಗಂಟಲು ಕಟ್ಟಿದರೆ ಏನು ಮಾಡಲಿ?’ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಗಂಟಲು ಕಟ್ಟುವುದು ಸಾಮಾನ್ಯವಾಗಿ ಅವರ ಮಾತನ್ನು ಅವರ ಧಾಟಿಯಲ್ಲೇ ಹೇಳುವಾಗ. ಮೇಲಿನ ಹಾಳೆಯಲ್ಲಾದರೆ ‘ನಿಮ್ಮಪ್ಪನ ಒಂದು ಎಕರೆ’ ಎಂಬಲ್ಲಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿದರೆ ಆ ಜಾಗ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಮಾತು ಮೊದಲಿಗೇ ಬಂದರೆ ಉಳಿದದ್ದನ್ನು ಓದಲಾಗುವುದಿಲ್ಲ, ಹಾಳೆಯ ಮುಕ್ಕಾಲು ಭಾಗ ಕಳೆದ ಮೇಲೆ ಇಡಿ. ಅದರ ಹಿಂದಿನ ವಾಕ್ಯವನ್ನು ಪೂರ್ತಿ ಮುಗಿಸಿ, ಉಸಿರು ಬಿಟ್ಟು, ಆಮೇಲೆ ಓದಿ. ದನಿ ನಿಂತರೆ ನೀವೂ ನಿಲ್ಲಿ. ‘ಕ್ಷಮಿಸಿ’ ಎನ್ನಬೇಡಿ, ಹಾಗೆಂದ ಕೂಡಲೇ ಅಳು ಜೋರಾಗುತ್ತದೆ. ಜನ ಕಾಯುತ್ತಾರೆ.

ಅಕ್ಷರ ದಪ್ಪಗಿರಲಿ, ಹಾಳೆಯ ಒಂದೇ ಬದಿಗಿರಲಿ. ಇನ್ನೊಂದು ಪ್ರತಿ ನಿಮ್ಮ ಓರಗೆಯ ಒಬ್ಬರ ಕೈಯಲ್ಲಿರಲಿ, ನೀವು ಮುಂದೆ ಓದಲಾರದೆ ಹೋದರೆ ಅವರು ಎದ್ದು ಮುಗಿಸುತ್ತಾರೆ. ಮುಗಿದ ಮೇಲೆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಳ್ಳಬೇಡಿ. ಕೆಳಗಿಳಿದು ಅಮ್ಮಾವರ ಕೈಗೆ ಕೊಡಿ.