ರಾತ್ರಿ ಎಂಟಕ್ಕೆ 'ಮಧ್ಯಾಹ್ನದ ನಮಸ್ಕಾರ'

16 ಫೆಬ್ರವರಿ 2025, ಭಾನುವಾರ, ಮೈಸೂರು

ನೈಜೀರಿಯಾದ ಇಬಾದಾನ್‌ನಲ್ಲಿ ಕೆಲಸದಲ್ಲಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ನಿನ್ನೆ ಮೊಮ್ಮಗಳ ಮದುವೆ ಮಾಡಿದಾರೆ, ಇವತ್ತು ವಾಟ್ಸಾಪಲ್ಲಿ ಫೋಟೋ ಬಂತು, ತಲೆಗೆ ಸುತ್ತೋ ಬಟ್ಟೆ ಗೆಲೆನ ದೊಡ್ಡದಾಗಿ ಕಟ್ಕೊಂಡು ಮದುಮಗಳಿಗಿಂತ ಅಜ್ಜಿನೇ ಜೋರಾಗಿದಾರೆ. ಅವರ ಭಾಷೆ ಯೊರುಬಾದಲ್ಲೇ ನಾಲ್ಕು ಸಾಲು ಬರೀಬೇಕು ಅಂತ ಕೂತೆ.

ಮೊದಲನೇ ಪ್ರಶ್ನೆ ಟೈಮು. ಇಲ್ಲಿ ರಾತ್ರಿ ಎಂಟು, ನೈಜೀರಿಯಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಂದ್ರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಅವರಲ್ಲಿ ಹೊತ್ತಿಗೊಂದು ನಮಸ್ಕಾರ, ಎಲ್ಲದಕ್ಕೂ 'ಕೂ' ಅನ್ನೋದೇ ಬುಡ, ಅದಕ್ಕೆ ಹೊತ್ತಿನ ಹೆಸರು ಅಂಟ್ಕೊಳುತ್ತೆ. ಬೆಳಗ್ಗೆ 'ಎ ಕಾರೋ', ಹನ್ನೆರಡರ ಮೇಲೆ 'ಎ ಕಾಸಾನ್', ಸುಮಾರು ನಾಲ್ಕರಿಂದ ಸಂಜೆ ಕತ್ತಲಾಗೋ ತನಕ 'ಎ ಕೂರೊಲೆ', ಆಮೇಲೆ 'ಎ ಕಾಲೆ'. ನನ್ನ ಗಡಿಯಾರ ನೋಡ್ಕೊಂಡು 'ಎ ಕಾಲೆ' ಅಂತ ಬರೆದ್ರೆ ಬಿಸಿಲಲ್ಲಿ ಕೂತಿರೋ ಅಜ್ಜಿಗೆ ರಾತ್ರಿ ನಮಸ್ಕಾರ ಹೇಳ್ದಂಗಾಗುತ್ತೆ, ಹಾಗಾಗಿ ಓದೋರ ಹೊತ್ತೇ ಲೆಕ್ಕ ಅಂತ ಇಟ್ಕೊಂಡಿದೀನಿ.

ಮುಂದೆ ಬರೋ ಆ 'ಎ' ಇದೆಯಲ್ಲ, ಮರ್ಯಾದೆ ಪೂರ್ತಿ ಅದರಲ್ಲೇ ಇರೋದು. ನಮ್ಮ 'ನೀವು' ಥರ, ಬಹುವಚನವೇ ಗೌರವಕ್ಕೂ. ಬರೀ 'ಕಾಸಾನ್' ಅಂದ್ರೆ ಅದು ಸಮವಯಸ್ಕರಿಗೆ, ಚಿಕ್ಕವರಿಗೆ. ನಮಗೆ ಎಡವಟ್ಟಾಗೋದು ಎಲ್ಲಿ ಅಂದ್ರೆ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಅಮ್ಮನಿಗೆ ಅಜ್ಜಿಗೆ 'ನೀನು' ಅಂದ್ರೆ ಸಲುಗೆ, ಪ್ರೀತಿ, ಅಲ್ಲಿ ಹೆತ್ತ ಅಮ್ಮನಿಗೂ 'ಎ' ನೇ. ಒಂದೆರಡು ವರ್ಷ ದೊಡ್ಡ ಅಕ್ಕನಿಗೂ ಅದೇ. ಎಷ್ಟೇ ಹತ್ತಿರದೋರಾದ್ರೂ ಆ 'ಎ' ಬಿಡೋ ಹಾಗಿಲ್ಲ.

ಎದುರಾ ಎದುರು ಸಿಕ್ಕಿದ್ರೆ ಹೆಣ್ಮಕ್ಕಳು ಮಂಡಿ ಊರ್ತಾರೆ, ಗಂಡಸರು ಉದ್ದಕ್ಕೆ ಅಡ್ಡ ಬೀಳ್ತಾರೆ, ಈಗ ಸಿಟೀಲಿ ಎಷ್ಟೋ ಸಲ ಸ್ವಲ್ಪ ಬಗ್ಗಿ ಮುಗಿಸ್ತಾರೆ. ಅಲ್ಲಿನ ಆಫೀಸಲ್ಲಿ ಒಬ್ಬಳು ಅತ್ತೆ ಫೋನ್ ಮಾಡಿದ್ರೆ ಕಾರಿಡಾರಲ್ಲಿ ನಿಂತಲ್ಲೇ ಮಂಡಿ ಬಗ್ಗಿಸ್ತಿದ್ಲು, ಆ ಕಡೆಯವರಿಗೆ ಕಾಣಲ್ಲ ಅಂತ ಗೊತ್ತಿದ್ರೂ. ಮೆಸೇಜಲ್ಲಿ ಮೈ ಬಗ್ಗಿಸೋಕೆ ಆಗಲ್ವಲ್ಲ, ಅದಕ್ಕೇ 'ಎ' ಜೊತೆ ಕೊನೆಗೆ ಹೆಂಗಸರಿಗೆ 'ಮಾ', ಗಂಡಸರಿಗೆ 'ಸಾ' ಸೇರಿಸ್ತಾರೆ.

ಕೊನೆಗೆ ಕಳಿಸಿದ್ದು ಇದು, ಅಲ್ಲಿನವರು ಫೋನಲ್ಲಿ ಟೈಪ್ ಮಾಡೋ ಹಾಗೆ ಚುಕ್ಕೆ ಗೆರೆ ಏನೂ ಇಲ್ಲದೆ:

```
E kaasan ma. E ku inawo o.
Se alaafia ni?
Mo ri foto yin, o dara gan-an.
E se ma.
```

ಎರಡನೇದು 'ಎ ಕೂ ಇನಾವೊ', ಸಮಾರಂಭ ಮಾಡಿ ಕೈಬಿಟ್ಟು ಖರ್ಚು ಮಾಡಿದೋರಿಗೆ ಹೇಳೋ ನಮಸ್ಕಾರ. ದುಡ್ಡು ಖರ್ಚಾಗಿದ್ದಕ್ಕೂ ಒಂದು ನಮಸ್ಕಾರ ಇಟ್ಕೊಂಡಿರೋ ಜನ ಅಂದ್ರೆ ನಂಗೆ ಭಾರಿ ಇಷ್ಟ. ಆಮೇಲೆ ಎಲ್ಲಾ ಚೆನ್ನಾಗಿದೀರಾ, ನಿಮ್ಮ ಫೋಟೋ ನೋಡಿದೆ ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್, ಅಷ್ಟೇ. ಕಳಿಸೋಕೆ ಮುಂಚೆ ಇನ್ನೊಂದ್ಸಲ ಓದಿದ್ದು ಬರೀ ಬಹುವಚನ ಹಿಡಿಯೋಕೆ. ಹೊಸಬರು ಶುರುವಲ್ಲಿ 'ಎ ಕಾಸಾನ್' ಅಂತ ಸರಿಯಾಗೇ ಬರೀತಾರೆ, ಮೂರನೇ ಸಾಲಿಗೆ ಬರೋಷ್ಟರಲ್ಲಿ 'ನಿಮ್ಮ' ಅನ್ನೋ 'ಯಿನ್' ಹೋಗಿ 'ನಿನ್ನ' ಅನ್ನೋ 'ರೆ' ಆಗಿರುತ್ತೆ, ಕೊನೆಗೆ 'ಎ ಶೇ' ಬದಲು 'ಒ ಶೇ', ಅಂದ್ರೆ ನೀವು ಅಂತ ಮಾತು ಶುರು ಮಾಡಿ ನೀನು ಅಂತ ಮುಗಿಸ್ದಂಗೆ. ಇನ್ನು `o dara` ದಲ್ಲಿರೋ `o`, ಸ್ವರ ಏರಿಸಿ ಓದಿದ್ರೆ 'ಅದು', ಸಮವಾಗಿ ಓದಿದ್ರೆ 'ನೀನು', ಗುರುತು ಹಾಕದೆ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ. ಹಿಂದೆ ಫೋಟೋ ಮಾತಿದೆ, ಅರ್ಥ ಆಗುತ್ತೆ ಬಿಡಿ.

ಉತ್ತರ ಬಂದಾಗ ಇಲ್ಲಿ ಹನ್ನೊಂದೂಮುಕ್ಕಾಲು, ಅಲ್ಲಿ ಏಳೂಕಾಲು:

```
Kaale o, omo mi. A dupe.
```

'ಒಮೊ ಮಿ' ಅಂದ್ರೆ ನನ್ನ ಮಗು, `A dupe` ಅಂದ್ರೆ ಥ್ಯಾಂಕ್ಸ್. ಕತ್ತಲಾಗಿದೆ ಅಂತ ಅಜ್ಜಿನೂ ನಮಸ್ಕಾರ ಬದಲಾಯಿಸಿದಾರೆ, ಚಿಕ್ಕವರಿಗೆ ಅಂತ 'ಎ' ಇಲ್ಲ. ಅವರು ಬರೆದಿದ್ದನ್ನೇ ಕಾಪಿ ಮಾಡಿ ವಾಪಸ್ ಕಳಿಸಿದ್ರೆ ಕೆಟ್ಟೆವು, ಕೆಳಗಿನಿಂದ ಮೇಲೆ ಹೋಗುವಾಗ 'ಎ' ಹಾಕ್ಲೇಬೇಕು. `E kaale ma` ಅಂದೆ. ಮಲಗೋ ಹೊತ್ತಿಗೆ ಹೇಳೋ 'ಒ ದಾರೋ' ದಲ್ಲಿ ಮಾತ್ರ 'ಎ' ಹಾಕೋಕೆ ಜಾಗವೇ ಇಲ್ಲ, ಬೆಳಗ್ಗೆ ಸಿಗೋಣ ಅನ್ನೋ ಥರದ ಮಾತು ಅದು, ಅಲ್ಲಿ ಮರ್ಯಾದೆಯೆಲ್ಲಾ 'ಮಾ' ಒಂದರ ಮೇಲೇ. ನನಗೆ ನಿದ್ದೆ ಎಳೀತಿತ್ತು, `O daaro ma` ಅಂತ ಹಾಕಿ ಫೋನ್ ಚಾರ್ಜಿಗಿಟ್ಟೆ.