ಅಜ್ಜನ ಮುಖ, ಮೂರನೇ ವಾರ: ಬಲ್ಬ್ ಆರಿತು, ಹಸಿರು ಬಂತು

ಬದಿಯಡ್ಕದ ಮನೆಯ ಜಗಲಿಯಲ್ಲಿ ಅಜ್ಜ ಅಡಿಕೆ ಸುಲಿಯುತ್ತಾ ಕೂತಿದ್ದಾಗ ತೆಗೆದ ಫೋಟೋವೇ, ಕಂಪ್ಯೂಟರಿನಲ್ಲಿ ನಾನು ಮಾಡುತ್ತಿರುವ ಅವರ 3D ಮುಖಕ್ಕೆ ಮಾದರಿ. ಅಂಗಳದ ಬೆಳಕು ಒಂದೇ ಬದಿಯಿಂದ ಬಿದ್ದಿದೆ. ಮೂಗಿನ ಮೇಲೆ ಬೆಳಕು ಮುಗಿದು ನೆರಳು ಶುರುವಾಗುವಲ್ಲಿ ಕೆಂಪಿನ ಸಣ್ಣ ಅಂಚಿದೆ. ಹಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸ ಮುಖ್ಯ ಅಂತ ನನಗೆ ತಡವಾಗಿ ಹೊಳೆಯಿತು.

ಚರ್ಮದ ಮೇಲೆ ಬೆಳಕು ಹೇಗೆ ಕಾಣಬೇಕು ಅಂತ ಲೆಕ್ಕ ಹಾಕುವ ಕಳೆದ ವಾರದ ಶೇಡರ್ ನೋಡಿ ಅಮ್ಮ, "ಅಜ್ಜನ ತಲೆಯೊಳಗೆ ಬಲ್ಬ್ ಇಟ್ಟಿದ್ದೀಯಾ ಮಾರಾಯ?" ಎಂದಿದ್ದರು. ಸರಿಯಾಗೇ ಹೇಳಿದ್ದರು. ನಾನು ಹಾಕಿದ್ದು ಸಾದಾ ವ್ರ್ಯಾಪ್ ಲೈಟಿಂಗ್, `(ndl + w) / (1 + w)`, `w` ಬೆಲೆ 0.5. `ndl` ಎಂದರೆ ಮೇಲ್ಮೈ ಬೆಳಕಿಗೆ ಎಷ್ಟು ಎದುರಾಗಿದೆ ಎನ್ನುವ ಅಳತೆ. ಬೆಳಕಿಗೆ ಎದುರಾದ ಜಾಗ ಮೊದಲಿನಷ್ಟೇ ಬೆಳಗುತ್ತದೆ, ನೆರಳಿನ ಕಡೆಗೆ ಮಾತ್ರ ಬೆಳಕು ಜಾಸ್ತಿ ಸೇರುತ್ತದೆ. ಒಂದು ಗೋಳಕ್ಕೆ ಲೆಕ್ಕ ಹಾಕಿದರೆ ಒಟ್ಟು ಬೆಳಕು ಒಂದೂವರೆ ಪಟ್ಟು. ಇನ್ನೊಮ್ಮೆ `(1 + w)`ನಿಂದ ಭಾಗಿಸಿದೆ, ಲೆಕ್ಕ ಸರಿಹೋಯಿತು.

ಚರ್ಮದೊಳಗೆ ಕೆಂಪು ಬೆಳಕು ದೂರ ಹೋಗುತ್ತದೆ, ನೀಲಿ ಬೇಗ ನಿಲ್ಲುತ್ತದೆ. ಅದಕ್ಕೆ `w`ಯನ್ನು ಬಣ್ಣಕ್ಕೊಂದರಂತೆ ಮಾಡಿದೆ: ಕೆಂಪಿಗೆ 0.5, ಹಸಿರಿಗೆ 0.2, ನೀಲಿಗೆ 0.1. ಈಗ ಹಣೆ, ಕೆನ್ನೆ ಎಲ್ಲ ಜ್ವರ ಬಿಟ್ಟವರ ಹಾಗೆ ಹಸಿರುಗಟ್ಟಿದವು. ಟೆಕ್ಸ್ಚರ್ ಮೇಲೆ ಅನುಮಾನ ಬಂದು ಅದರ ಜಾಗಕ್ಕೆ ಬರೀ ಬೂದು ಬಣ್ಣ ಹಾಕಿದೆ. ಆಗಲೂ ಕೆಂಪು ಕಮ್ಮಿಯೇ, ಬೂದು ನೀಲಿಗಟ್ಟಿತು. ಹಾಗಾದರೆ ತಪ್ಪು ಶೇಡರಿನದ್ದೇ. ಬೆಳಕಿಗೆ ನೇರ ಇರುವಲ್ಲಿ ಕೆಂಪು 0.67ಕ್ಕೆ ಇಳಿದಿತ್ತು, ನೀಲಿ 0.91ರಲ್ಲಿತ್ತು.

ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು. ಬೆಳಕು ಸಮನಾಗಿ ಬಿದ್ದ ಚಪ್ಪಟೆ ಚರ್ಮದಲ್ಲಿ ಒಂದು ಬಿಂದುವಿನಿಂದ ಪಕ್ಕಕ್ಕೆ ಎಷ್ಟು ಬೆಳಕು ಸೋರುತ್ತದೋ, ಪಕ್ಕದಿಂದ ಅಷ್ಟೇ ವಾಪಸ್ ಬರುತ್ತದೆ. ನಷ್ಟವೇ ಇಲ್ಲ. ಮೇಲ್ಮೈ ಬಾಗಿದಲ್ಲಿ ಮಾತ್ರ ಈ ಕೊಡುಕೊಳ್ಳುವಿಕೆ ತಪ್ಪುತ್ತದೆ. ಅಂದರೆ `w` ಬಾಗಿನ ಜೊತೆ ಏರಿಳಿಯಬೇಕು, ಅಲ್ವಾ? 2011ರಲ್ಲಿ ಎರಿಕ್ ಪೆನ್ನರ್ ತೋರಿಸಿದ, ಚರ್ಮದ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕದಲ್ಲಿಡುವ ಪ್ರಿ-ಇಂಟಿಗ್ರೇಟೆಡ್ ವಿಧಾನದಲ್ಲೂ ಆ ಕೋಷ್ಟಕದ ಒಂದು ಅಕ್ಷ ಬಾಗೇ. ನನ್ನದು ಅದರ ಬಡ ತಮ್ಮ:

```hlsl
float3 w = saturate(float3(2.0, 0.6, 0.3) * curv);
float3 d = saturate((ndl + w) / ((1 + w) * (1 + w)));
```

ಆ ಮೂರು ಸಂಖ್ಯೆ ಮಿಲಿಮೀಟರಿನಲ್ಲಿವೆ, ಕಣ್ಣಂದಾಜಿನಲ್ಲಿ ಇಟ್ಟದ್ದು. `curv` ಎಂದರೆ 1/ತ್ರಿಜ್ಯ. ಮೂಗಿನ ತುದಿಗೆ 10 ಮಿ.ಮೀ. ಅಂದುಕೊಂಡರೆ 0.1, ಕೆಂಪಿನ `w` 0.2. ಹಣೆಗೆ 80 ಮಿ.ಮೀ. ಹಿಡಿದರೆ ಬರೀ 0.025. ಹಸಿರು ಹೋಯಿತು, ಮೂಗಿನ ಕೆಂಪು ಉಳಿಯಿತು.

`curv` ತೆಗೆಯಲು ಮೊದಲು, ಪಕ್ಕದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸ ಕೊಡುವ `fwidth` ಬಳಸಿದ್ದೆ. ಮುಖದ ಮೇಲೆ ತ್ರಿಕೋನಗಳೆಲ್ಲ ಎದ್ದು ಕಂಡವು. ಈಗ ಅದನ್ನು ಟೆಕ್ಸ್ಚರಿಗೆ ಬೇಕ್ ಮಾಡಿ ಸ್ವಲ್ಪ ಮಬ್ಬು ಮಾಡಿದ್ದೇನೆ. ಬೇಕ್ ಮಾಡುವಾಗ ಸೆಂಟಿಮೀಟರನ್ನು ಮಿಲಿಮೀಟರ್ ಅಂತ ತಿಳಿದು, ಬಾಗು ಹತ್ತು ಪಟ್ಟು ಆಗಿ ಅಜ್ಜ ಹೆಬ್ಬೆರಳು ಗಾತ್ರದ ಮೇಣದ ಬೊಂಬೆಯಾದರು. ಬೊಂಬೆ ಚಿಕ್ಕದಾದಷ್ಟು ಅದೇ ಎರಡು ಮಿಲಿಮೀಟರು ದೊಡ್ಡ ಪಾಲು ಆಗುತ್ತದೆ. ಮೇಣದಂತೆ ಕಂಡರೆ ನಾನೀಗ ಮೊದಲು ನೋಡುವುದೇ ಅಳತೆ.

ಉಳಿದ ಮೇಣದ ಛಾಯೆಯನ್ನು ಸ್ಪೆಕ್ಯುಲರ್ ಹೊಳಪು ಕಳೆಯಿತು. ಮೆದು ಮಾಡಿದ ನಾರ್ಮಲ್ ಮ್ಯಾಪನ್ನು ಕೆಂಪು ಡಿಫ್ಯೂಸಿಗೆ ಮಾತ್ರ ಕೊಟ್ಟೆ. ಹೊಳಪಿಗೆ ರಂಧ್ರ, ಸುಕ್ಕು ಇರುವ ಪೂರ್ತಿ ಮ್ಯಾಪ್, `F0` 0.028.

ಕಿವಿ ಬಾಕಿ ಇದೆ. ಜಗಲಿಯ ಕಂಬದ ನೆರಳಿಗೆ ಬಂದರೂ ಅದು ಕೆಂಡದ ಹಾಗೆ ಉರಿಯುತ್ತಿದೆ, ಏಕೆಂದರೆ ಹಿಂದಿನಿಂದ ಹಾಯುವ ಬೆಳಕಿನ ಲೆಕ್ಕಕ್ಕೆ ಶ್ಯಾಡೋ ಮ್ಯಾಪ್ ಇನ್ನೂ ಜೋಡಿಸಿಲ್ಲ.