ವಾಪಸ್ ಬಾರದ 262 ಜನ

ಕಾಲೇಜಿನ ದಿನಗಳ ಕಾಗದಪತ್ರಗಳಲ್ಲಿ ನನ್ನ ಹತ್ತಿರ ಈಗ ಉಳಿದಿರುವುದು ಒಂದು ಪ್ರಿಂಟ್‌ಔಟ್ ಮತ್ತು ಒಂದು ಉತ್ತರಪತ್ರಿಕೆ. ಪ್ರಿಂಟ್‌ಔಟ್‌ನಲ್ಲಿ ಮೂರೇ ಸಂಖ್ಯೆಗಳಿವೆ: 991, 738, 333. ನಡುವಿನದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಪ್ರಮೇಯ ತಪ್ಪು?’ ಎಂದು ನಾನೇ ಬರೆದಿದ್ದೇನೆ. ಕೊನೆಯ ವರ್ಷದ ಹುಡುಗನ ಧೈರ್ಯ ನೋಡಿ.

ಆ ವಾರ ಸಂಭವನೀಯತೆಯ ತರಗತಿಯಲ್ಲಿ ಮೇಡಂ ರ್ಯಾಂಡಮ್ ವಾಕ್ ಶುರು ಮಾಡಿದ್ದರು. ಒಂದು ಗೆರೆಯ ಮೇಲೆ ಒಬ್ಬ ನಿಂತಿದ್ದಾನೆ. ನಾಣ್ಯ ಚಿಮ್ಮಿ ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಇಡುತ್ತಾನೆ. ಚೌಕುಳಿ ಹಾಳೆಯ ಮೇಲಾದರೆ ನಾಲ್ಕು ದಿಕ್ಕು. ಮೂರು ಆಯಾಮದಲ್ಲಿ ಮೇಲೆ ಕೆಳಗೆ ಸೇರಿ ಆರು. ಎಲ್ಲ ದಿಕ್ಕಿಗೂ ಸಮಾನ ಅವಕಾಶ. ಹೊರಟ ಜಾಗಕ್ಕೆ ಅವನು ಎಂದಾದರೂ ವಾಪಸ್ ಬರುತ್ತಾನಾ? ಒಂದು ಮತ್ತು ಎರಡು ಆಯಾಮದಲ್ಲಿ ಖಂಡಿತ ಬರುತ್ತಾನೆ, ಮೂರರಲ್ಲಿ ಹಾಗೆ ಹೇಳಲಾಗದು ಎಂದು ಜಾರ್ಜ್ ಪೋಲ್ಯ 1921ರಲ್ಲಿ ತೋರಿಸಿದರು. ಈ ಪ್ರಶ್ನೆ ಹುಟ್ಟಿದ ಕಥೆಯನ್ನು ಪೋಲ್ಯ ಅವರೇ ಹೇಳಿಕೊಂಡಿದ್ದಾರೆ. ಜ್ಯೂರಿಕ್ ಹತ್ತಿರದ ಕಾಡಿನಲ್ಲಿ ಸುಮ್ನೆ ಅಡ್ಡಾಡುವಾಗ, ಮದುವೆ ನಿಶ್ಚಯವಾಗಿದ್ದ ಒಬ್ಬ ವಿದ್ಯಾರ್ಥಿ ಮತ್ತು ಅವನ ಹುಡುಗಿ ಮತ್ತೆ ಮತ್ತೆ ಎದುರಾದರಂತೆ. ಬೇಕಂತಲೇ ಹಿಂದೆ ಬಿದ್ದಿದ್ದೇನೆ ಅಂದುಕೊಂಡಾರು ಎಂದು ಪೋಲ್ಯರಿಗೆ ಮುಜುಗರ. ಹೀಗೆ ಎದುರಾಗುವುದು ಎಷ್ಟು ಸಹಜ ಎಂದು ಲೆಕ್ಕ ಹಾಕಲು ಕೂತರು.

ಬೋರ್ಡಿನ ಮೇಲೆ ಹೇಳಿದ್ದನ್ನು ಸುಮ್ಮನೆ ನಂಬುವ ಜಾತಿ ನಾನಲ್ಲ. ಲ್ಯಾಬಿಗೆ ಹೋಗಿ ಪ್ರೋಗ್ರಾಂ ಬರೆದೆ. ಪ್ರತಿ ಆಯಾಮದಲ್ಲೂ ಸಾವಿರ ಜನರನ್ನು ಹೊರಡಿಸಿದೆ. ಒಬ್ಬೊಬ್ಬರಿಗೂ ಹತ್ತು ಸಾವಿರ ಹೆಜ್ಜೆಯ ಮಿತಿ. ಅಷ್ಟರೊಳಗೆ ಒಮ್ಮೆಯಾದರೂ ವಾಪಸ್ ಬಂದವರನ್ನು ಎಣಿಸಿದೆ. ಗೆರೆಯ ಮೇಲೆ 991 ಜನ ಬಂದರು, ಸರಿ. ಮೂರು ಆಯಾಮದಲ್ಲಿ 333, ಅದೂ ಸರಿ. ಆದರೆ ಎರಡು ಆಯಾಮದಲ್ಲಿ 738. ‘ಖಂಡಿತ ಬರುತ್ತಾನೆ’ ಎಂದಿದ್ದ ಕಡೆ 262 ಜನ ನಾಪತ್ತೆ!

ಹಾಳೆ ಹಿಡಿದು ಸ್ಟಾಫ್ ರೂಮಿಗೆ ಹೋದೆ. ಮೇಡಂ ನಗಲಿಲ್ಲ. “ಒಂದು ಸಲವಾದರೂ ಬರ್ತಾನಾ ಅಂತ ಕೇಳಿದರೆ ಲೆಕ್ಕ ಕಷ್ಟ ಕಣಪ್ಪಾ. ಒಟ್ಟು ಎಷ್ಟು ಸಲ ಬರ್ತಾನೆ ಅಂತ ಕೇಳು,” ಎಂದು ಪ್ರಿಂಟ್‌ಔಟ್‌ನ ಹಿಂಬದಿಗೆ ತಿರುಗಿಸಿ ಬರೆಯತೊಡಗಿದರು.

ಅವರು ಹೇಳಿದ್ದು ಹೀಗೆ. ವಾಪಸ್ ಬರುವ ಸಂಭವನೀಯತೆ F ಎಂದುಕೊಳ್ಳೋಣ. ಹೊರಟ ಜಾಗಕ್ಕೆ ಬಂದು ನಿಂತವನಿಗೆ ಹಿಂದಿನದೇನೂ ನೆನಪಿರುವುದಿಲ್ಲ. ಮೊದಲ ದಿನದ ಹಾಗೇ ಮತ್ತೆ ಹೊರಡುತ್ತಾನೆ. ಹಾಗಾಗಿ ಮತ್ತೆ ಬರುವ ಸಂಭವನೀಯತೆಯೂ F. ಮೊದಲ ಸಲ ನಿಂತದ್ದನ್ನೂ ಸೇರಿಸಿದರೆ, ಆ ಜಾಗದಲ್ಲಿ ಅವನು ಸರಾಸರಿ 1 + F + F² + … ಸಲ ಇರುತ್ತಾನೆ. ಅಂದರೆ 1/(1 − F). F ಒಂದಕ್ಕಿಂತ ಎಷ್ಟೇ ಸ್ವಲ್ಪ ಕಡಿಮೆಯಿದ್ದರೂ ಇದು ಸೀಮಿತ ಸಂಖ್ಯೆ. F ಸರಿಯಾಗಿ ಒಂದೇ ಆದಾಗ ಮಾತ್ರ ಅನಂತ. ಇದೇ ಸರಾಸರಿಯನ್ನು ಇನ್ನೊಂದು ದಾರಿಯಲ್ಲೂ ಪಡೆಯಬಹುದು: ಹೊರಡುವಾಗಿನ 1, ಆಮೇಲೆ 2 ಹೆಜ್ಜೆ ಆದಾಗ ಮನೆಯಲ್ಲಿರುವ ಸಂಭವನೀಯತೆ, 4 ಆದಾಗಿನದು, 6 ಆದಾಗಿನದು, ಹೀಗೆ ಎಲ್ಲವನ್ನೂ ಕೂಡಿಸುತ್ತಾ ಹೋಗುವುದು. ಬೆಸ ಹೆಜ್ಜೆಗೆ ಯಾರೂ ಮನೆ ಸೇರುವುದಿಲ್ಲ, ಅವನ್ನು ಬಿಡಬಹುದು. ಹಾಗಾಗಿ ನೋಡಬೇಕಾದದ್ದು ಇಷ್ಟೇ: ಈ ಮೊತ್ತ ಎಲ್ಲಾದರೂ ನಿಲ್ಲುತ್ತದಾ, ಇಲ್ಲವಾ?

ಗೆರೆಯ ಮೇಲೆ ಎರಡು ಹೆಜ್ಜೆ ಆದಾಗ ಮನೆಯಲ್ಲಿರುವ ಸಂಭವನೀಯತೆ 1/2. ನಾಲ್ಕು ಹೆಜ್ಜೆಗೆ 16 ದಾರಿಗಳಿವೆ. ಎರಡು ಎಡ, ಎರಡು ಬಲ ಇರುವವು 6. ಹಾಗಾಗಿ 3/8. ಆರು ಹೆಜ್ಜೆಗೆ 5/16. ಹೆಜ್ಜೆಗಳ ಸಂಖ್ಯೆ 2n ಎಂದರೆ, n ದೊಡ್ಡದಾಗುತ್ತಾ ಹೋದಂತೆ ಇದು 1/√(πn) ಹತ್ತಿರಕ್ಕೆ ಬರುತ್ತದೆ. ನೂರು ಹೆಜ್ಜೆ ಆದಾಗ ಸುಮಾರು ನೂರಕ್ಕೆ 8. ಕಡಿಮೆಯಾಗುತ್ತಿದೆ ನಿಜ, ಆದರೆ ಬಹಳ ಸೋಮಾರಿಯಾಗಿ.

ಎರಡು ಆಯಾಮಕ್ಕೆ ಬಂದಾಗ ಮೇಡಂ ಒಂದು ಕೆಲಸ ಮಾಡಿದರು. ಹಾಳೆಯ ಮೇಲೆ ಚೌಕುಳಿ ಬರೆದು, ಹಾಳೆಯನ್ನೇ 45 ಡಿಗ್ರಿ ತಿರುಗಿಸಿ ನನ್ನ ಮುಂದೆ ಇಟ್ಟರು. “ಈಗ x, y ಬಿಡು. u = x + y, v = x − y ನೋಡು.” ಪೂರ್ವಕ್ಕೆ ಹೆಜ್ಜೆ ಇಟ್ಟರೆ u, v ಎರಡೂ ಒಂದು ಏರುತ್ತವೆ. ಪಶ್ಚಿಮಕ್ಕೆ ಎರಡೂ ಇಳಿಯುತ್ತವೆ. ಉತ್ತರಕ್ಕಾದರೆ u ಏರುತ್ತದೆ, v ಇಳಿಯುತ್ತದೆ. ದಕ್ಷಿಣಕ್ಕೆ ಅದರ ಉಲ್ಟಾ. ನಾಲ್ಕು ದಿಕ್ಕು, ಎರಡು ನಾಣ್ಯಗಳ ನಾಲ್ಕು ಫಲಿತಾಂಶ, ಒಂದಕ್ಕೊಂದು ಸರಿಹೋಯಿತು! ಅಂದರೆ ಚೌಕುಳಿಯ ಮೇಲೆ ಒಬ್ಬ ನಡೆಯುವುದೂ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗೆರೆಗಳ ಮೇಲೆ ಇಬ್ಬರು ನಡೆಯುವುದೂ ಒಂದೇ. ಇಬ್ಬರೂ ಒಟ್ಟಿಗೆ ಸೊನ್ನೆಯಲ್ಲಿದ್ದರೆ ಇವನು ಮನೆಯಲ್ಲಿದ್ದಾನೆ ಎಂದರ್ಥ. ಹಾಗಾಗಿ ಗೆರೆಯ ಸಂಖ್ಯೆಯ ವರ್ಗ ಮಾಡಿದರೆ ಮುಗಿಯಿತು. ಎರಡು ಹೆಜ್ಜೆಗೆ 1/4, ಮುಂದೆ ಹೋದಂತೆ 1/(πn).

ಆಮೇಲೆ ಕೂಡಿಸುವ ಕೆಲಸ. ಇಲ್ಲಿ ಅವರು ಹೇಳಿದ ಉಪಾಯ ನನಗೆ ಇವತ್ತಿಗೂ ಇಷ್ಟ. ಪದಗಳನ್ನು ಗುಂಪು ಗುಂಪಾಗಿ ಕೂಡಿಸಬೇಕು, ಪ್ರತಿ ಗುಂಪೂ ಹಿಂದಿನದರ ಎರಡರಷ್ಟು ಉದ್ದ. n 100ರಿಂದ 200, 200ರಿಂದ 400, 400ರಿಂದ 800, ಹೀಗೆ. ಹೊಸ ಗುಂಪಿನಲ್ಲಿ ಪದಗಳು ದುಪ್ಪಟ್ಟು. ಗೆರೆಯ ಮೇಲೆ ಒಂದೊಂದು ಪದವೂ √2 ಪಟ್ಟು ಮಾತ್ರ ಸಣ್ಣದಾಗುತ್ತದೆ, ಆದ್ದರಿಂದ ಗುಂಪಿನ ಮೊತ್ತ ಪ್ರತಿ ಸಲ 1.41 ಪಟ್ಟು ಬೆಳೆಯುತ್ತದೆ. ಮೊತ್ತ ನಿಲ್ಲುವ ಮಾತೇ ಇಲ್ಲ. ಚೌಕುಳಿಯಲ್ಲಿ ಪದಗಳು ದುಪ್ಪಟ್ಟು, ಒಂದೊಂದು ಪದ ಸರಿಯಾಗಿ ಅರ್ಧ. ಹಾಗಾಗಿ ಪ್ರತಿ ಗುಂಪೂ ಹೆಚ್ಚುಕಡಿಮೆ ಒಂದೇ ಮೊತ್ತ ಕೊಡುತ್ತದೆ, ಸುಮಾರು 0.22. ಸಣ್ಣದು, ಆದರೆ ಕೊನೆಯಿಲ್ಲದೆ ಸೇರುತ್ತಲೇ ಇರುತ್ತದೆ. ಮೊತ್ತ ಅನಂತ, F = 1. ಮೂರು ಆಯಾಮದಲ್ಲಿ ಪದ n√n ಲೆಕ್ಕದಲ್ಲಿ ಸಣ್ಣದಾಗುತ್ತದೆ. ಗುಂಪಿನ ಮೊತ್ತ ಪ್ರತಿ ಸಲ 0.71 ಪಟ್ಟಿಗೆ ಇಳಿಯುತ್ತದೆ. ಇಂಥ ಸರಣಿ ಎಲ್ಲೋ ನಿಲ್ಲಲೇಬೇಕು.

“ಹಾಗಾದ್ರೆ ನನ್ನ 262 ಜನ ಎಲ್ಲಿ ಹೋದರು ಮೇಡಂ?”

“ಎಲ್ಲೂ ಹೋಗಿಲ್ಲ. ನೀನೇ ಬೇಗ ಬಾಗಿಲು ಹಾಕಿದ್ದೀಯ.”

ಲೆಕ್ಕ ಹಾಕಿ ನೋಡಿದರೆ ನಿಜ. ಹತ್ತು ಸಾವಿರ ಹೆಜ್ಜೆವರೆಗಿನ ಮೊತ್ತ ಬರೀ 3.8. ಅಲ್ಲಿಯವರೆಗೂ ವಾಪಸ್ ಬಾರದವರ ಪಾಲು ಸುಮಾರು ಒಂದು ಭಾಗಿಸು 3.8, ಅಂದರೆ ಸಾವಿರಕ್ಕೆ 265ರ ಆಸುಪಾಸು. ನನ್ನ ಪ್ರೋಗ್ರಾಂ ಪ್ರಮೇಯವನ್ನು ಸುಳ್ಳು ಮಾಡಿರಲಿಲ್ಲ, ಚಾಚೂ ತಪ್ಪದೆ ಪಾಲಿಸಿತ್ತು! ಆ ಸಂಜೆ ಮಿತಿಯನ್ನು ಹತ್ತು ಲಕ್ಷ ಹೆಜ್ಜೆಗೆ ಏರಿಸಿ, ಲ್ಯಾಬ್ ಅಟೆಂಡರ್ ಹತ್ತಿರ ಕಾಡಿಬೇಡಿ, ಯಂತ್ರವನ್ನು ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ಬಂದು ನೋಡಿದರೆ ಎರಡು ಆಯಾಮದಲ್ಲಿ ವಾಪಸ್ ಬಂದವರು 800 ದಾಟಿದ್ದರು. ಮೂರು ಆಯಾಮದ ಸಂಖ್ಯೆ ಮಾತ್ರ 340ರ ಸುತ್ತಮುತ್ತಲೇ ಕೂತಿತ್ತು. ವ್ಯತ್ಯಾಸ ಕಾಣುವುದು ಹೀಗೆ. ಒಂದೇ ಮಿತಿ ಇಟ್ಟು ನೋಡಿದರೆ 738ಕ್ಕೂ 333ಕ್ಕೂ ಏನು ಭೇದ ಎಂದು ಹೇಳಲಾಗದು. ಮಿತಿ ಏರಿಸುತ್ತಾ ಹೋದರೆ ಒಂದು ಏರುತ್ತಲೇ ಇರುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ.

ಹಾಗಂತ ಬರೀ ಪ್ರಯೋಗದಿಂದ ಎರಡು ಆಯಾಮದ ವಿಷಯ ತೀರ್ಮಾನ ಮಾಡುತ್ತೇನೆ ಎಂದು ಹೊರಟರೆ ಆಗದ ಮಾತು. ಹೆಜ್ಜೆ ನೂರು ಪಟ್ಟು ಮಾಡಿದರೆ ಮೊತ್ತಕ್ಕೆ ಸೇರುವುದು ಒಂದೂವರೆ ಮಾತ್ರ. ಸಾವಿರದಲ್ಲಿ 990 ಜನ ವಾಪಸ್ ಬರುವುದನ್ನು ನೋಡಬೇಕೆಂದರೆ ಎಷ್ಟು ಹೆಜ್ಜೆ ಬೇಕು ಎಂದು ಒಂದು ಸಲ ಲೆಕ್ಕ ಹಾಕಿದ್ದೆ. ಹೆಚ್ಚುಕಡಿಮೆ 1ರ ಮುಂದೆ 135 ಸೊನ್ನೆ. ಗೆರೆಯ ಮೇಲೆ ಇದೇ 990 ಜನ ಹತ್ತು ಸಾವಿರ ಹೆಜ್ಜೆಯೊಳಗೇ ಬಂದುಬಿಟ್ಟಿದ್ದರು, ಅಲ್ವಾ? ‘ಖಂಡಿತ’ ಎಂಬ ಒಂದೇ ಪದದೊಳಗೆ ಇಷ್ಟು ದೂರದ ಎರಡು ಸಂಗತಿಗಳಿವೆ ಎಂದು ಪಠ್ಯಪುಸ್ತಕ ಯಾಕೆ ಹೇಳುವುದಿಲ್ಲವೋ ನನಗೆ ಗೊತ್ತಾಗಿಲ್ಲ.

ಇನ್ನು ಆ ಉತ್ತರಪತ್ರಿಕೆ. ತಿಂಗಳ ಪರೀಕ್ಷೆಯಲ್ಲಿ ಮೂರು ಆಯಾಮದ ಪ್ರಶ್ನೆ ಬಂತು. ನಾನು ಬಹಳ ಗತ್ತಿನಿಂದ ಬರೆದೆ: ಎರಡರಲ್ಲಿ ವರ್ಗ ಮಾಡಿದ ಹಾಗೆ ಇಲ್ಲಿ ಘನ ಮಾಡಬೇಕು, ಆದ್ದರಿಂದ ಪದ 1/(πn√(πn)), ಮೊತ್ತ ಸೀಮಿತ, ವಾಪಸ್ ಬರುವುದು ಖಂಡಿತವಲ್ಲ. ತೀರ್ಮಾನ ಸರಿ. ಆದರೂ ಅರ್ಧ ಅಂಕ ಹೋಗಿತ್ತು. ಪಕ್ಕದಲ್ಲಿ ಮೇಡಂ ಅಕ್ಷರ: ‘ಎರಡೇ ಹೆಜ್ಜೆ ಎಣಿಸಿ ನೋಡು.’

ಎಣಿಸಿದೆ. ಮೊದಲ ಹೆಜ್ಜೆ ಯಾವ ಕಡೆಗಾದರೂ ಇರಲಿ, ಎರಡನೆಯದು ಸರಿಯಾಗಿ ಅದರ ವಿರುದ್ಧ ದಿಕ್ಕಿಗೆ ಇರಬೇಕು. ಆರು ದಿಕ್ಕಿನಲ್ಲಿ ಒಂದು, ಅಂದರೆ 1/6. ನನ್ನ ಘನ ಕೊಡುವುದು 1/8. ತಪ್ಪು ಎಲ್ಲಿ ಎಂದು ಆಗ ಹೊಳೆಯಿತು. ಮೂರು ನಾಣ್ಯಗಳಿಗೆ ಎಂಟು ಫಲಿತಾಂಶ, ಆದರೆ ದಿಕ್ಕುಗಳು ಆರೇ. ಹಾಳೆಯನ್ನು ತಿರುಗಿಸಿದ ಹಾಗೆ ಇಲ್ಲಿ ಎಷ್ಟು ತಿರುಗಿಸಿದರೂ ಹೊಂದುವುದಿಲ್ಲ. ಎರಡರಲ್ಲಿ ನಾಲ್ಕಕ್ಕೆ ನಾಲ್ಕು ಸರಿಹೋದದ್ದು ಅದೃಷ್ಟ. ಸರಿಯಾದ ದಾರಿ ಬೇರೆ: 2n ಹೆಜ್ಜೆಗಳು ಮೂರು ಅಕ್ಷಗಳಿಗೆ ಸುಮಾರು ಸಮನಾಗಿ ಹಂಚಿಹೋಗುತ್ತವೆ, ಪ್ರತಿ ಅಕ್ಷದಲ್ಲೂ ಸೊನ್ನೆಗೆ ಬರುವ ಸಂಭವನೀಯತೆ 1/√n ಲೆಕ್ಕದಲ್ಲಿ ಇಳಿಯುತ್ತದೆ, ಮೂರನ್ನೂ ಗುಣಿಸಬೇಕು. ಇಳಿಯುವ ವೇಗ ನನ್ನ ಘನದ್ದೇ, ಮುಂದಿನ ಗುಣಕ ಬೇರೆ. ಮೊದಲ ಪದಗಳು 1, 1/6, ಆಮೇಲೆ ನಾಲ್ಕು ಹೆಜ್ಜೆಗೆ 1296 ದಾರಿಗಳಲ್ಲಿ 90. ಹೀಗೆ ಕೂಡಿಸುತ್ತಾ ಹೋದರೆ ಮೊತ್ತ 1.516ರ ಹತ್ತಿರ ನಿಲ್ಲುತ್ತದೆ. ಇದರ ನಿಖರ ಬೆಲೆ ಕೊಡುವ ಅನುಕಲವನ್ನು ಜಿ. ಎನ್. ವಾಟ್ಸನ್ 1939ರಲ್ಲಿ ಬಿಡಿಸಿದರು. F ಸುಮಾರು 0.34.

ನನ್ನ 1/8 ಪೂರ್ತಿ ವ್ಯರ್ಥವಾಗಲಿಲ್ಲ. ಅದು ಬೇರೆ ಒಬ್ಬನ ನಡಿಗೆ. ಪ್ರತಿ ಹೆಜ್ಜೆಗೂ ಮೂರೂ ಅಕ್ಷಗಳಲ್ಲಿ ಒಟ್ಟಿಗೆ ಸರಿದು, ಘನದ ನಡುವಿನಿಂದ ಎಂಟು ಮೂಲೆಗಳಲ್ಲಿ ಒಂದಕ್ಕೆ ಜಿಗಿಯುವವನದು. ಅವನ ಮೊತ್ತ 1.393, ವಾಪಸ್ ಬರುವ ಸಂಭವನೀಯತೆ 0.28. ಅವನನ್ನೂ ಲ್ಯಾಬಿನಲ್ಲಿ ನಡೆಸಿ ನೋಡಿದೆ. ಸಾವಿರದಲ್ಲಿ 279 ಬಂತು. ಆ ಹಾಳೆಯನ್ನು ಉತ್ತರಪತ್ರಿಕೆಗೆ ಪಿನ್ ಮಾಡಿ ಮೇಡಂ ಮೇಜಿನ ಮೇಲಿಟ್ಟು ಬಂದೆ. ಮರುದಿನ ಎರಡೂ ವಾಪಸ್ ಬಂದವು. ಅರ್ಧ ಅಂಕ ಮಾತ್ರ ಬರಲಿಲ್ಲ.